ಹತ್ತು ಮಕ್ಕಳ ಸಾಲು, ಹತ್ತು ಚಿತ್ರ: ಮೊದಲನೆಯದರಿಂದ ಹತ್ತನೆಯದರವರೆಗೆ

ನಾನು ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ತೆಗೆದುಕೊಳ್ಳುತ್ತೇನೆ. ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ತಮಿಳು, ಕೆಲವರದು ಉರ್ದು, ಕೆಲವರದು ತೆಲುಗು. ಒಂದರಿಂದ ಹತ್ತು ಎಣಿಸೋಕೆ ಎಲ್ಲರಿಗೂ ಬರುತ್ತದೆ. ಆದರೆ ‘ನಾಲ್ಕನೇ ಮೀನಿಗೆ ಬಣ್ಣ ಹಚ್ಚಿ’ ಎಂದರೆ ಅರ್ಧದಷ್ಟು ಮಕ್ಕಳು ನಾಲ್ಕು ಮೀನಿಗೂ ಬಣ್ಣ ಹಚ್ಚಿ ತರುತ್ತಾರೆ. ಎಣಿಕೆ ಸರಿಯಾಗಿಯೇ ಇದೆ. ನಾಲ್ಕನೇ ಅನ್ನೋದು ಒಂದೇ ಒಂದು ಜಾಗ ಅನ್ನೋದು ಮಾತ್ರ ಇನ್ನೂ ಹೊಳೆದಿಲ್ಲ.

ಅದಕ್ಕೆ ನಾನು ಕಾಗದ ಬಿಟ್ಟು ಸಾಲು ಮಾಡಿಸುತ್ತೇನೆ. ಕ್ಷೀರಭಾಗ್ಯದ ಹಾಲಿಗೆ ಮಕ್ಕಳು ಹೇಗೂ ಸಾಲು ನಿಲ್ಲುತ್ತಾರಲ್ವಾ, ಅದೇ ಆಟ. ಬಾಗಿಲ ಹತ್ತಿರ ಒಂದು ಖಾಲಿ ಬಕೆಟ್ ಇಡುತ್ತೇನೆ. ಬಕೆಟ್ ಇರುವ ಕಡೆ ಸಾಲಿನ ಮುಂದು. ಹತ್ತು ಮಕ್ಕಳು ನಿಲ್ಲುತ್ತಾರೆ, ಉಳಿದವರು ಪಕ್ಕದಲ್ಲಿ ಕೂತು ನೋಡುತ್ತಾರೆ. ಪ್ರತಿಯೊಬ್ಬರ ಕೈಗೂ ಒಂದು ಚಿತ್ರದ ಕಾರ್ಡ್: ಆಟೋ, ಬಾಳೆಹಣ್ಣು, ಕೊಡೆ, ನವಿಲು, ಚೆಂಡು, ಮೀನು, ಬಸ್ಸು, ಹೂವು, ಬೆಕ್ಕು, ಗಡಿಯಾರ. ಹಳೇ ಮದುವೆ ಪತ್ರಿಕೆಯ ದಪ್ಪ ಕಾಗದದ ಮೇಲೆ ಅಂಟಿಸಿದ ಚಿತ್ರಗಳು, ಹಿಂದಿನ ಬೆಂಚಿಗೂ ಕಾಣುವಷ್ಟು ದೊಡ್ಡವು.

ಕಾರ್ಡಿನ ಮೇಲೆ ಅಂಕಿ ಬರೆಯಲೇಬಾರದು. ಕೈಯಲ್ಲಿ 3 ಇದ್ದರೆ ಮಗು ಸಾಲಿನಲ್ಲಿ ಎಲ್ಲಿ ನಿಂತರೂ ‘ನಾನೇ ಮೂರನೆಯವಳು’ ಅನ್ನುತ್ತದೆ. ಚಿತ್ರವಾದರೆ ಆ ಗೊಂದಲವಿಲ್ಲ. ಚಿತ್ರ ಮಗುವಿನ ಜೊತೆ ಹೋಗುತ್ತದೆ, ಸಂಖ್ಯೆ ಜಾಗದಲ್ಲೇ ಉಳಿಯುತ್ತದೆ.

ಮೊದಲು ಬಕೆಟ್ ಕಡೆಯಿಂದ ಎಲ್ಲರೂ ಸೇರಿ ಹೇಳುತ್ತೇವೆ. ಮೊದಲನೆಯದು ಆಟೋ, ಎರಡನೆಯದು ಬಾಳೆಹಣ್ಣು, ಹೀಗೆ ಹತ್ತನೆಯದು ಗಡಿಯಾರದವರೆಗೆ. ‘ಒಂದನೇ’ ಅಂದರೂ ನಾನು ತಡೆಯುವುದಿಲ್ಲ, ಒಂದನೇ ಕ್ಲಾಸು ಅಂತ ದಿನಾ ಕೇಳುವ ಮಾತದು. ಆಮೇಲೆ ಎರಡು ಮಾತು ಬೆನ್ನುಬೆನ್ನಿಗೆ. “ಮುಂದಿನಿಂದ ಮೂವರು ಕೂತ್ಕೊಳ್ಳಿ.” ಆಟೋ, ಬಾಳೆಹಣ್ಣು, ಕೊಡೆ ಕೂರುತ್ತವೆ. ಎಲ್ಲರನ್ನೂ ಎಬ್ಬಿಸಿ, “ಮುಂದಿನಿಂದ ಮೂರನೆಯವರು ಕೂತ್ಕೊಳ್ಳಿ.” ಈಗ ಕೊಡೆ ಹಿಡಿದವಳು ಮಾತ್ರ ಕೂರಬೇಕು. ಆಟೋ, ಬಾಳೆಹಣ್ಣು ಕೂಡ ಕೂತರೆ ಕೂತು ನೋಡುವ ಮಕ್ಕಳೇ ಕೂಗುತ್ತಾರೆ. ಬಣ್ಣ ಹಚ್ಚುವಾಗ ಆಗಿದ್ದ ಎಡವಟ್ಟು ಇಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಐದು, ಏಳು, ಒಂಬತ್ತಕ್ಕೂ ಹೀಗೇ ಮಾಡುತ್ತೇನೆ. ‘ಎಂಟನೇ’ ಅಂದಾಗ ಮಗು ಮೆಲ್ಲಗೆ ಒಂದರಿಂದ ಎಣಿಸಿಕೊಂಡು ಬಂದರೆ ಕಾಯುತ್ತೇನೆ, ಅವಸರ ಮಾಡುವುದಿಲ್ಲ.

ಇನ್ನು ಸಾಲು ಸರಿಯಬೇಕು. ಆಟೋ ಹಿಡಿದವನು ಹಾಲು ತಗೊಂಡ ಹಾಗೆ ಮಾಡಿ ಕೊನೆಗೆ ಹೋಗಿ ನಿಲ್ಲುತ್ತಾನೆ. ಎಲ್ಲರೂ ಒಂದೊಂದು ಹೆಜ್ಜೆ ಮುಂದೆ. “ಕೊಡೆ ಈಗ ಎಷ್ಟನೆಯದು?” ಕೆಲವರು ಮೂರನೆಯದು ಅಂತಲೇ ಹಟ ಹಿಡಿಯುತ್ತಾರೆ. ಜಾಗವನ್ನು ಅವರು ಹೆಸರಿನ ಹಾಗೆ ಹಿಡಿದುಕೊಂಡಿದ್ದಾರೆ ಅಂತ ಆಗ ಗೊತ್ತಾಗುತ್ತದೆ. ಅಂಥವರನ್ನು ಬಕೆಟ್ ಹತ್ತಿರದಿಂದ ಒಬ್ಬೊಬ್ಬರ ತಲೆ ಮುಟ್ಟುತ್ತಾ ಎಣಿಸಲು ಕಳಿಸುತ್ತೇನೆ. ಕೊಡೆ ಎರಡನೆಯದು, ನವಿಲು ಮೂರನೆಯದು, ಆಟೋ ಹತ್ತನೆಯದು. ಎರಡು ಮೂರು ಸಲ ಸಾಲು ಸರಿದರೆ ಹಟ ತಾನಾಗೇ ಕರಗುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಇನ್ನು ಬರುತ್ತದೆ. ಮಕ್ಕಳನ್ನು ಮೊದಲಿನ ಹಾಗೇ ನಿಲ್ಲಿಸಿ, ಬಕೆಟ್ಟನ್ನು ಸಾಲಿನ ಇನ್ನೊಂದು ತುದಿಗೆ ಒಯ್ಯುತ್ತೇನೆ. ಯಾರೂ ಜಾಗ ಬಿಡುವುದಿಲ್ಲ, ಸುಮ್ನೆ ತಿರುಗಿ ನಿಲ್ಲುತ್ತಾರೆ. ಗಡಿಯಾರ ಈಗ ಮೊದಲನೆಯದು. ಮೂರನೆಯದಾಗಿದ್ದ ಕೊಡೆ ಎಂಟನೆಯದು, ಏಳನೆಯದಾಗಿದ್ದ ಬಸ್ಸು ನಾಲ್ಕನೆಯದು. ಹತ್ತು ಜನರ ಸಾಲಿನಲ್ಲಿ ಹಳೇ ಜಾಗ, ಹೊಸ ಜಾಗ ಕೂಡಿದರೆ ಯಾವಾಗಲೂ 11 ಬರುತ್ತದೆ. ಅದನ್ನು ಒಂದನೇ ಕ್ಲಾಸಿಗೆ ಹೇಳಬೇಕಿಲ್ಲ. ಮೂರನೇ ಕ್ಲಾಸಿನವರಿಗೆ ಬೋರ್ಡಿನಲ್ಲಿ ಎರಡೂ ಅಂಕಿ ಪಕ್ಕಪಕ್ಕ ಬರೆದು ಬಿಟ್ಟರೆ ಅವರೇ ಹುಡುಕುತ್ತಾರೆ. “ಯಾರ ನಂಬರ್ ಬದಲಾಗಲಿಲ್ಲ?” ಅಂತ ಕೇಳುತ್ತೇನೆ. ಹತ್ತು ಜನರಿದ್ದಾಗ ಎಲ್ಲರದ್ದೂ ಬದಲಾಗುತ್ತದೆ. ಗಡಿಯಾರದವನನ್ನು ಕೂರಿಸಿ ಒಂಬತ್ತು ಜನ ಉಳಿದರೆ, ಐದನೇ ಜಾಗದ ಚೆಂಡು ಯಾವ ಕಡೆಯಿಂದ ಎಣಿಸಿದರೂ ಐದನೆಯದೇ.

ಇಷ್ಟಾದ ಮೇಲೆ ಅದೇ ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತೇವೆ. ಕಾರ್ಡಿಗೆ ಮುಂದು ಹಿಂದು ಇಲ್ಲ, ಆದ್ದರಿಂದ ಒಂದು ತುದಿಯಲ್ಲಿ ಸೀಮೆಸುಣ್ಣದಲ್ಲಿ ಬಕೆಟ್ ಬರೆಯುತ್ತೇನೆ. ಕೊನೆಗೆ ಮೀನಿನ ಹಾಳೆ ಮತ್ತೆ ಕೊಡುತ್ತೇನೆ. ಅದರಲ್ಲಿ ಬೇಕಂತಲೇ ಬಕೆಟ್ ಇರುವುದಿಲ್ಲ. “ಮಿಸ್, ಯಾವ ಕಡೆಯಿಂದ?” ಅಂತ ಕೇಳಿದ ಮಗುವಿಗೆ ಪಾಠ ಪೂರ್ತಿ ಹತ್ತಿದೆ. ಕೇಳದೆ ಬಲದಿಂದ ನಾಲ್ಕನೇ ಮೀನಿಗೆ ಮಾತ್ರ ಬಣ್ಣ ಹಚ್ಚಿದರೂ ನಾನು ತಪ್ಪು ಹಾಕುವುದಿಲ್ಲ, ಯಾಕೆಂದರೆ ಎಲ್ಲಿಂದ ಶುರು ಅಂತ ಹಾಳೆಯೇ ಹೇಳಿಲ್ಲ.