ಅಳ್ಳೆ ಎಣಿಸುವುದನ್ನು ಕಲಿತ ಬೇಸಿಗೆ

ನನ್ನ ಬಳಿ ಎರಡು ಎಮ್ಮೆ, ಒಂದು ಜೊತೆ ಎತ್ತು ಇವೆ. ಬಹಳ ವರ್ಷ ಬೇಸಿಗೆಯಲ್ಲಿ ನಾಲ್ಕಕ್ಕೂ ಒಂದೇ ಉಪಚಾರ ಮಾಡುತ್ತಿದ್ದೆ: ನೆರಳಿಗೆ ಕಟ್ಟುವುದು, ಹೊತ್ತಿಗೆ ಸರಿಯಾಗಿ ನೀರು ಕುಡಿಸುವುದು. ಎತ್ತುಗಳಿಗೆ ಅದು ಸಾಕಾಗುತ್ತಿತ್ತು. ಎಮ್ಮೆಗಳಿಗೂ ಸಾಕು ಅಂದುಕೊಂಡಿದ್ದೆ. ದಿನಾ ಮಧ್ಯಾಹ್ನ ಅವು ತಾವಾಗಿಯೇ ಹೋಗಿ ಬೀಳುತ್ತಿದ್ದ ಹೊಂಡ ಎಷ್ಟು ಕೆಲಸ ಮಾಡುತ್ತಿತ್ತು ಅನ್ನುವುದು ಅದು ಬತ್ತಿದ ವರ್ಷ ಗೊತ್ತಾಯಿತು.

ಹೊಂಡ ಬತ್ತಿ ನಾಲ್ಕೈದು ದಿನ ಆಗಿತ್ತು. ಎಮ್ಮೆಗಳನ್ನು ತಗಡಿನ ಚಪ್ಪರದ ಕೆಳಗೆ ಕಟ್ಟಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ ಹೋಗಿ ನೋಡಿದರೆ ಹಿರಿಯ ಎಮ್ಮೆ ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು ನಿಂತಿತ್ತು. ಜೊಲ್ಲು ನೆಲದವರೆಗೆ ಇಳಿಯುತ್ತಿತ್ತು. ಬೆಳಗ್ಗೆ ಹಾಕಿದ ಹುಲ್ಲು ಅರ್ಧ ಹಾಗೇ ಉಳಿದಿತ್ತು, ಮೆಲುಕು ನಿಂತಿತ್ತು. ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು, "ಅಳ್ಳೆ ಎಷ್ಟು ಸಲ ಬಡಿಯುತ್ತಿದೆ?" ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಅರ್ಧ ನಿಮಿಷ ಎಣಿಸಿದೆ, 46 ಆಯಿತು. ಅಂದರೆ ನಿಮಿಷಕ್ಕೆ 92. ಆರಾಮವಾಗಿ ನೆರಳಲ್ಲಿರುವ ಎಮ್ಮೆ ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 41.2 ಡಿಗ್ರಿ ಸೆಲ್ಸಿಯಸ್. ಸಹಜವಾಗಿ ಅದು 38ರ ಆಸುಪಾಸಿನಲ್ಲಿ ಇರಬೇಕು.

ವೈದ್ಯರು ಬರುವವರೆಗೆ ಅವರು ಹೇಳಿದ್ದನ್ನಷ್ಟೇ ಮಾಡಿದೆ. ಮೊದಲು ತಗಡಿನ ಕೆಳಗಿಂದ ಬಿಡಿಸಿ, ಗಾಳಿ ಆಡುವ ಮರದ ನೆರಳಿಗೆ ನಿಧಾನವಾಗಿ ನಡೆಸಿಕೊಂಡು ಹೋದೆ. ತಗಡು ಬಿಸಿಲು ತಡೆಯುತ್ತದೆ ನಿಜ, ಆದರೆ ತಾನೇ ಕಾದು ಕೆಳಗಿನ ಬೆನ್ನಿಗೆ ಕಾವು ಸೂಸುತ್ತದೆ. ಆಮೇಲೆ ಕಾಲು, ಹೊಟ್ಟೆ, ಪಕ್ಕೆ, ಕತ್ತು ಅಂತ ಬಿಡದೆ ನೀರು ಸುರಿದೆ. ಕೂದಲ ಮೇಲೆ ಹರಿದು ಹೋದರೆ ಪ್ರಯೋಜನವಿಲ್ಲ, ಚರ್ಮ ನೆನೆಯಬೇಕು, ಹಾಗಾಗಿ ಕೈಯಿಂದ ಉಜ್ಜುತ್ತಾ ಸುರಿದೆ. ಮನೆಯವರು ಒದ್ದೆ ಗೋಣಿಚೀಲ ಹೊದಿಸೋಣ ಎಂದರು. ವೈದ್ಯರು ಬೇಡ ಎಂದಿದ್ದರು: ಗಾಳಿ ಸಾಲದ ಜಾಗದಲ್ಲಿ ಚೀಲ ಸ್ವಲ್ಪ ಹೊತ್ತಿಗೇ ಬೆಚ್ಚಗಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ. ಅದರ ಬದಲು ಬೀಸಣಿಗೆ ಬೀಸಿದೆವು. ಬಕೆಟ್ ಮುಂದಿಟ್ಟೆವು, ಆದರೆ ಬಾಯಿಗೆ ನೀರು ಹೊಯ್ಯಲಿಲ್ಲ. ಏದುಸಿರು ಬಿಡುವ ಪ್ರಾಣಿಗೆ ಬಲವಂತವಾಗಿ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಇಳಿದು, ಸೆಕೆಯಿಂದ ಉಳಿದದ್ದು ಅದರಿಂದ ಸಾಯಬಹುದು.

ಇಪ್ಪತ್ತು ನಿಮಿಷಕ್ಕೆ 40.4ಕ್ಕೆ ಇಳಿಯಿತು. ಮುಕ್ಕಾಲು ಗಂಟೆಗೆ 39.5. ಅಲ್ಲಿಗೆ ನೀರು ಸುರಿಯುವುದನ್ನು ನಿಲ್ಲಿಸಿದೆವು, ಏಕೆಂದರೆ ಅಲ್ಲಿಂದ ಮೈ ತಾನಾಗಿಯೇ ಇನ್ನೂ ಸ್ವಲ್ಪ ತಣ್ಣಗಾಗುತ್ತದೆ. ವೈದ್ಯರು ಬಂದು ಸಲೈನ್ ಹಾಕಿದರು. ಸಂಜೆ ಕತ್ತಲಾಗುವ ಹೊತ್ತಿಗೆ ಮತ್ತೆ ಮೆಲುಕು ಹಾಕಿತು. ಆ ಸದ್ದು ಕೇಳಿದ ಮೇಲೆಯೇ ನಾನು ಒಳಗೆ ಹೋಗಿದ್ದು. ಹಾಲು ಮಾತ್ರ ಅರ್ಧಕ್ಕಿಂತ ಕೆಳಗೆ ಹೋಗಿ, ಹತ್ತು ದಿನವಾದರೂ ಮೊದಲಿನಷ್ಟಕ್ಕೆ ಬರಲಿಲ್ಲ.

ಎತ್ತುಗಳು ಅದೇ ಬಿಸಿಲಲ್ಲಿ ಏಕೆ ಹಾಗಾಗಲಿಲ್ಲ? ಎಮ್ಮೆಯ ಚರ್ಮ ಕಪ್ಪು, ಕೂದಲು ವಿರಳ, ಹಾಗಾಗಿ ಬಿಸಿಲನ್ನು ಹೆಚ್ಚು ಹೀರುತ್ತದೆ. ಬೆವರಿನ ಗ್ರಂಥಿಗಳೋ ಎತ್ತಿಗಿಂತ ಬಹಳ ಕಡಿಮೆ. ಎತ್ತು ಬೆವರಿ ತಣ್ಣಗಾಗುತ್ತದೆ. ಎಮ್ಮೆಗೆ ಆ ಬೆವರನ್ನು ಹೊರಗಿನ ನೀರೇ ಕೊಡಬೇಕು. ಕೆಸರು ನೀರಿಗಿಂತಲೂ ಮೇಲು. ಬರಿ ನೀರು ಬೇಗ ಆರಿಹೋಗುತ್ತದೆ, ಮೈಗೆ ಮೆತ್ತಿದ ಕೆಸರು ನಿಧಾನವಾಗಿ ಆರುತ್ತಾ ಬಹಳ ಹೊತ್ತು ತಂಪು ಕೊಡುತ್ತದೆ, ನೊಣ ಕಚ್ಚದಂತೆಯೂ ಕಾಯುತ್ತದೆ. ಹೊಂಡದಿಂದ ಬಂದ ಎಮ್ಮೆಯನ್ನು ಕೊಳಕು ಎಂದು ಹಿಂದೆ ನಾನು ತಕ್ಷಣ ತೊಳೆಯುತ್ತಿದ್ದೆ. ಈಗ ಸಂಜೆ ಕರೆಯುವ ಮುಂಚೆ ಮಾತ್ರ ತೊಳೆಯುತ್ತೇನೆ.

ಮುಂದಿನ ಬೇಸಿಗೆಗೆ ಮರದ ನೆರಳು ಬೀಳುವಲ್ಲಿ ಒಂದು ಹೊಂಡ ತೋಡಿದೆ. ಉದ್ದ 14 ಅಡಿ, ಅಗಲ 10 ಅಡಿ. ಒಂದು ಕಡೆ ನೆಲಮಟ್ಟದಿಂದ ಶುರುವಾಗಿ ಇನ್ನೊಂದು ತುದಿಗೆ ಎರಡೂವರೆ ಅಡಿ ಆಳ. ತುಂಬಿದರೆ ಸುಮಾರು 5000 ಲೀಟರ್ ಹಿಡಿಯುತ್ತದೆ. ಇಳಿಜಾರು ಕಡ್ಡಾಯ. ಕಡಿದಾದ ದಂಡೆಯಲ್ಲಿ ಗಬ್ಬದ ಎಮ್ಮೆ ಜಾರಿ ಬಿದ್ದರೆ ಎಬ್ಬಿಸುವುದೇ ಕಷ್ಟ. ತಳಕ್ಕೆ ಜೇಡಿಮಣ್ಣು ತುಳಿಸಿ ಗಟ್ಟಿ ಮಾಡಿದ್ದರಿಂದ ನೀರು ಇಂಗುವುದು ಕಡಿಮೆಯಾಯಿತು. ನೆರಳು ಏಕೆ ಬೇಕೆಂದರೆ, ಬಯಲಿನ ಆಳವಿಲ್ಲದ ನೀರು ಮಧ್ಯಾಹ್ನ ಕಾದು ಎಮ್ಮೆಯ ಮೈಗಿಂತ ಹೆಚ್ಚು ತಂಪಾಗಿರುವುದಿಲ್ಲ.

ಹೊಂಡದಿಂದ ಕೆಟ್ಟದ್ದೂ ಆಗುತ್ತದೆ. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆತೊಟ್ಟಿನ ತೂತು ಪೂರ್ತಿ ಮುಚ್ಚಿರುವುದಿಲ್ಲ. ಆಗ ಕೆಸರಲ್ಲಿ ಮಲಗಿದರೆ ಕೆಚ್ಚಲು ಬಾವು ಬರುವ ಅಪಾಯ ಹೆಚ್ಚು. ನನ್ನ ಕಿರಿಯ ಎಮ್ಮೆಗೆ ಹಾಗೇ ಬಂದು, ಒಂದು ತೊಟ್ಟಿನಿಂದ ಗಡ್ಡೆಗಟ್ಟಿದ ಹಾಲು ಬರತೊಡಗಿದಾಗ ನಾನು ಎಚ್ಚೆತ್ತದ್ದು. ಈಗ ಕರೆದ ತಕ್ಷಣ ಮೇವು ಹಾಕುತ್ತೇನೆ, ತಿನ್ನುತ್ತಾ ನಿಂತೇ ಇರುತ್ತದೆ. ನಿಂತ ನೀರಿನಲ್ಲಿ ಬಸವನಹುಳು ಸೇರಿಕೊಂಡರೆ ಯಕೃತ್ತಿನ ಚಪ್ಪಟೆ ಹುಳುವಿನ ಕಾಟವೂ ಬರುತ್ತದೆ. ಹಾಗಾಗಿ ಆಗಾಗ ಪೂರ್ತಿ ಖಾಲಿ ಮಾಡಿ ಒಂದೆರಡು ದಿನ ಒಣಗಿಸುತ್ತೇನೆ. ಆ ದಿನಗಳಲ್ಲಿ ಹನ್ನೊಂದಕ್ಕೊಮ್ಮೆ, ಒಂದೂವರೆಗೊಮ್ಮೆ, ನಾಲ್ಕಕ್ಕೊಮ್ಮೆ ಪೈಪಿನಿಂದ ಮೈ ನೆನೆಸುತ್ತೇನೆ.

ಕುಡಿಯುವ ನೀರನ್ನು ಒಂದು ವಾರ 15 ಲೀಟರಿನ ಬಕೆಟ್‌ನಲ್ಲಿ ಅಳೆದೆ. ಹಾಲು ಕೊಡುವ ಎಮ್ಮೆ ದಿನಕ್ಕೆ ಐದಾರು ಬಕೆಟ್ ಕುಡಿಯಿತು. ಎತ್ತು ಸುಮ್ಮನಿದ್ದ ದಿನ ಮೂರು, ಉಳುಮೆ ಮಾಡಿದ ದಿನ ನಾಲ್ಕೂವರೆ. ಬಿಸಿಲಿಗಿದ್ದ ಬಾನಿಯನ್ನು ನೆರಳಿಗೆ ಸರಿಸಿದ ಮೇಲೆ ಅದೇ ಎಮ್ಮೆ ಒಂದು ಬಕೆಟ್ ಹೆಚ್ಚು ಕುಡಿಯಿತು. ನೀರು ಸಾಲದಿದ್ದರೆ ಸಗಣಿ ಗಟ್ಟಿಯಾಗುತ್ತದೆ, ಗಂಜಲ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ.

ಎತ್ತಿಗೆ ಕಾವು ಹೊರಗಿನಿಂದಷ್ಟೇ ಅಲ್ಲ, ದುಡಿಯುವ ಮೈಯಿಂದಲೂ ಹುಟ್ಟುತ್ತದೆ. ಆದ್ದರಿಂದ ಬೆಳಗಿನ ಜಾವ ಹೂಡಿ ಹತ್ತರೊಳಗೆ ನೊಗ ಇಳಿಸುತ್ತೇನೆ. ನಡುವೆ ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸುತ್ತೇನೆ. ಬೆವರಿ ಉಪ್ಪು ಕಳೆದುಕೊಳ್ಳುವುದರಿಂದ ಸಂಜೆಯ ಬೂಸಾದಲ್ಲಿ ಸುಮಾರು 30 ಗ್ರಾಂ ಉಪ್ಪು ಬೆರೆಸುತ್ತೇನೆ. ಒಣಹುಲ್ಲು ಹೊಟ್ಟೆಯಲ್ಲಿ ಹುದುಗುವಾಗ ಕಾವು ಹುಟ್ಟುವುದರಿಂದ ಅದರ ಹೆಚ್ಚಿನ ಪಾಲನ್ನು ರಾತ್ರಿಗೆ ಹಾಕುತ್ತೇನೆ. ಎತ್ತು ನಾಲಗೆ ಹೊರಗೆ ಹಾಕಿ ಹೆಜ್ಜೆ ಎಳೆದರೆ ಸಾಲು ಅರ್ಧ ಉಳಿದರೂ ಅಲ್ಲೇ ಬಿಚ್ಚುತ್ತೇನೆ. ತೂರಾಡಿದರೆ, ಇಲ್ಲವೇ ಬೆವರುತ್ತಿದ್ದ ಮೈ ಒಣಗಿ ಸುಡುತ್ತಿದ್ದರೆ ತಕ್ಷಣ ನೀರು ಸುರಿಯುತ್ತಾ ವೈದ್ಯರನ್ನು ಕರೆಸುತ್ತೇನೆ.

ಈಗ ಬೇಸಿಗೆಯ ಪ್ರತಿ ಮಧ್ಯಾಹ್ನ ಗಡಿಯಾರ ಹಿಡಿದು ನಾಲ್ಕರ ಅಳ್ಳೆಯನ್ನೂ ಎಣಿಸುತ್ತೇನೆ. ನಲವತ್ತರೊಳಗಿದ್ದರೆ ಬಿಟ್ಟುಬಿಡುತ್ತೇನೆ. ಅರವತ್ತು ದಾಟಿದರೆ ಬಾಯಿ ತೆರೆಯುವವರೆಗೆ ಕಾಯದೆ ಪೈಪು ಹಿಡಿಯುತ್ತೇನೆ. ಹಿರಿಯ ಎಮ್ಮೆಯ ಎಣಿಕೆ ಈಗ ಅರವತ್ತು ದಾಟುವುದೇ ಅಪರೂಪ, ಹನ್ನೊಂದಾದರೆ ಹಗ್ಗ ಬಿಚ್ಚುವುದನ್ನೇ ಕಾಯುತ್ತಾ ಹೊಂಡದ ಕಡೆ ಮುಖ ಮಾಡಿ ನಿಂತಿರುತ್ತದೆ.