ಐಟಿಐ ಮೊದಲು, ವಿಜ್ಞಾನ ಕೊನೆಗೆ

ನಾನು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಫೋನ್ ಕೆಳಗಿಡೋಕೆ ಆಗಲ್ಲ. "ಸರ್, ಮುಂದೇನು ಮಾಡ್ಸೋದು?" ಅಂತ ಒಂದೇ ಪ್ರಶ್ನೆ, ಐವತ್ತು ಮನೆಯಿಂದ. ಎಲ್ಲರಿಗೂ ಅದನ್ನೇ ಹೇಳಿ ಸಾಕಾಗಿ, ಎರಡು ವರ್ಷದ ಹಿಂದೆ ಒಂದು ಕ್ಯಾರೊಸೆಲ್ ಮಾಡಿದೆ. ಇನ್‌ಸ್ಟಾಗ್ರಾಂನಲ್ಲಿ ಬೆರಳಿಂದ ಸರಿಸಿ ನೋಡ್ತಾರಲ್ಲ, ಆ ಸ್ಲೈಡುಗಳ ಸಾಲು. ಅದನ್ನೇ ಚಿತ್ರಗಳಾಗಿ ಪೋಷಕರ ವಾಟ್ಸಾಪ್ ಗುಂಪಿಗೂ ಹಾಕಿದೆ.

ಮೊದಲ ಸಲದ್ದು ನೋಡೋಕೆ ಚೆನ್ನಾಗಿತ್ತು. ವಿಜ್ಞಾನ, ವಾಣಿಜ್ಯ, ಕಲೆ, ಡಿಪ್ಲೊಮಾ, ಐಟಿಐ, ಇದೇ ಕ್ರಮ. ವಿಜ್ಞಾನದ ಸ್ಲೈಡಿಗೆ ಸ್ಟೆತಾಸ್ಕೋಪು, ಐಟಿಐ ಸ್ಲೈಡಿಗೆ ಗ್ರೀಸ್ ಮೆತ್ತಿದ ಕೈ. ಕೆಳಗೆ ಒಂದು ಸಾಲು: "ಕಡಿಮೆ ಅಂಕ ಬಂದವರಿಗೂ ಅವಕಾಶ." ನನ್ನ ಪ್ರಕಾರ ಅದು ಪ್ರೋತ್ಸಾಹದ ಮಾತು. ಐಟಿಐನಲ್ಲಿ ಪಾಠ ಮಾಡೋ ಗೆಳೆಯ ಅದೇ ರಾತ್ರಿ ಫೋನ್ ಮಾಡಿದ. "ಮೇಷ್ಟ್ರೇ, ನಾಲ್ಕು ಜನರಿಗೆ ಎಲೆ ಹಾಕಿ ಬಡಿಸಿದ್ದೀರಿ, ನಮ್ಮನ್ನ ಹಿತ್ತಲಲ್ಲಿ ಕೂರಿಸಿದ್ದೀರಿ" ಅಂದ.

ಅವನು ಹೇಳಿದ ಮೇಲೆ ಎಲ್ಲ ಸ್ಲೈಡನ್ನೂ ಪ್ರಿಂಟ್ ಹಾಕಿ ನೆಲದ ಮೇಲೆ ಹರಡಿಕೊಂಡು ಕೂತೆ. ಒಂದೊಂದಾಗಿ ಓದಿದರೆ ಸುಳ್ಳು ಎಲ್ಲೂ ಇಲ್ಲ. ಪಕ್ಕಪಕ್ಕ ಇಟ್ಟರೆ ಮಾತ್ರ ಗೊತ್ತಾಗುತ್ತೆ: ವಿಜ್ಞಾನಕ್ಕೆ "ಮುಂದೆ ಏನಾಗಬಹುದು" ಅಂತ ಬರೆದಿದ್ದೀನಿ, ಐಟಿಐಗೆ "ಯಾರು ಸೇರಬಹುದು" ಅಂತ. ಕೇಳಿದ ಪ್ರಶ್ನೆಯೇ ಬೇರೆ ಆದಮೇಲೆ ಹೋಲಿಕೆ ಎಲ್ಲಿಂದ ಬರಬೇಕು?

ಎರಡನೇ ಸಲ ಪ್ರಶ್ನೆಗಳನ್ನ ಮೊದಲು ಬರೆದೆ, ಉತ್ತರ ಆಮೇಲೆ. ಎಷ್ಟು ವರ್ಷ, ಸೇರೋಕೆ ಏನು ಬೇಕು, ಒಂದು ದಿನ ಹೇಗಿರುತ್ತೆ, ಮುಂದಕ್ಕೆ ಎಲ್ಲಿಗೆ ಹೋಗಬಹುದು, ನಡುವೆ ಮುಗ್ಗರಿಸಿದರೆ ಕೈಯಲ್ಲಿ ಏನು ಉಳಿಯುತ್ತೆ. ಐದೂ ಸ್ಲೈಡಿಗೆ ಇದೇ ಐದು ಸಾಲು, ಇದೇ ಕ್ರಮದಲ್ಲಿ, ಒಂದೇ ಬಣ್ಣ. ಫೋಟೋ ಎಲ್ಲ ತೆಗೆದೆ. ಸಂಬಳದ ಸಾಲನ್ನೂ ತೆಗೆದೆ. ಯಾಕಂದ್ರೆ ಎಂಜಿನಿಯರಿಂಗಿಗೆ ನಮ್ಮ ತಲೆಗೆ ಬರೋದು ಪತ್ರಿಕೇಲಿ ಬಂದ ಅತಿ ದೊಡ್ಡ ಪ್ಯಾಕೇಜು, ಐಟಿಐಗೆ ಬರೋದು ಪಕ್ಕದ ಮನೆ ಹುಡುಗನ ಮೊದಲ ತಿಂಗಳ ಸಂಬಳ.

ಮೊದಲ ಸಾಲಲ್ಲೇ ಕೈ ಸುಟ್ಟುಕೊಂಡೆ. ಪಿಯುಸಿ 2 ವರ್ಷ, ಡಿಪ್ಲೊಮಾ 3 ವರ್ಷ ಅಂತ ಬರೆದಿದ್ದೆ. ಸರಿಯಾಗೇ ಇದೆ. ಆದರೆ ಓದಿದ ತಾಯಿಯೊಬ್ಬರು "ಡಿಪ್ಲೊಮಾ ಅಂದ್ರೆ ಒಂದು ವರ್ಷ ವೇಸ್ಟ್ ಅಲ್ವಾ ಸರ್?" ಅಂದರು. ಅವರ ಮಗನಿಗೆ ಬೇಕಿದ್ದದ್ದು ಬಿಇ. ಹಾಗಾಗಿ ಬಿಇ ಮುಗಿಯೋತನಕ ಲೆಕ್ಕ ಹಾಕಿ ಒಂದು ಸ್ಲೈಡ್ ಪೂರ್ತಿ ಅದಕ್ಕೇ ಕೊಟ್ಟೆ. ಪಿಯುಸಿ ವಿಜ್ಞಾನ 2, ಬಿಇ 4, ಒಟ್ಟು 6. ಡಿಪ್ಲೊಮಾ 3, ಆಮೇಲೆ ಡಿಪ್ಲೊಮಾದವರಿಗೆ ಅಂತಲೇ ಇರೋ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿದರೆ ಬಿಇ 3, ಅದೂ 6. ಎರಡು ವರ್ಷದ ಐಟಿಐ ಟ್ರೇಡ್ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ, ಅಲ್ಲಿಂದ ಬಿಇಗೆ ಹೋದರೆ 2, 2, 3, ಒಟ್ಟು 7. ವೆಲ್ಡರ್ ಥರದ ಒಂದು ವರ್ಷದ ಟ್ರೇಡಿಗೆ ಈ ಲೆಕ್ಕ ಹೊಂದಲ್ಲ, ಫಿಟ್ಟರ್, ಎಲೆಕ್ಟ್ರೀಷಿಯನ್ ಥರದ್ದಕ್ಕೆ ಹೊಂದುತ್ತೆ ಅಂತ ಅಲ್ಲೇ ಬರೆದೆ.

ವರ್ಷ ಸಮ ಆಯ್ತು ಅಂತ ದಾರಿ ಸಮ ಅಂದುಕೊಳ್ಳಬಾರದು. ಪಿಯುಸಿಯಿಂದ ಹೋಗೋರಿಗೆ ಕೆಸಿಇಟಿ ರ‍್ಯಾಂಕಿನಲ್ಲಿ ಅರ್ಧ ಭಾಗ ದ್ವಿತೀಯ ಪಿಯು ಅಂಕ, ಅರ್ಧ ಭಾಗ ಸಿಇಟಿ ಅಂಕ. ಎರಡೂ ಪರೀಕ್ಷೆ ಒಂದರ ಹಿಂದೆ ಒಂದು ಬರುತ್ತೆ, ಎರಡರಲ್ಲೂ ನಿಲ್ಲಬೇಕು. ಡಿಪ್ಲೊಮಾದವರು ಮೂರು ವರ್ಷಕ್ಕೆ ಒಂದು ಸರ್ಟಿಫಿಕೇಟ್ ಹಿಡಿದು ಕೆಲಸಕ್ಕೂ ಹೋಗಬಹುದು, ಆದರೆ ಹದಿನಾರನೇ ವಯಸ್ಸಿಗೇ ಸಿವಿಲ್ಲೋ ಮೆಕ್ಯಾನಿಕಲ್ಲೋ ಅಂತ ಆರಿಸಿಕೊಂಡಿರುತ್ತಾರೆ. ನಡುವೆ ಡಾಕ್ಟರ್ ಆಗಬೇಕು ಅನ್ನಿಸಿದರೆ ನೀಟ್ ಬರೆಯೋಕೆ ಅವರಿಗೆ ಜೀವಶಾಸ್ತ್ರವೇ ಇಲ್ಲ. ಪಿಯು ವಿಜ್ಞಾನದಲ್ಲೇ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಇರೋ ಪಿಸಿಎಂಸಿ ತಗೊಂಡವರಿಗೂ ಅದೇ ಕಥೆ. ಇದನ್ನ ಎರಡೂ ಸ್ಲೈಡಿನಲ್ಲಿ ಒಂದೇ ವಾಕ್ಯದಲ್ಲಿ ಬರೆದೆ.

ನನ್ನನ್ನ ಹೆಚ್ಚು ಕಾಡಿದ್ದು ನಾಲ್ಕನೇ ಸಾಲು, ಮುಂದಕ್ಕೆ ಎಲ್ಲಿಗೆ ಹೋಗಬಹುದು ಅನ್ನೋದು. ಪ್ರಾಮಾಣಿಕವಾಗಿ ಬರೆದರೂ ವಿಜ್ಞಾನವೇ ಗೆಲ್ಲುತ್ತೆ. ಪಿಸಿಎಂಬಿ ಓದಿದವರು ಬಿಇಗೆ ಹೋಗಬಹುದು, ವೈದ್ಯಕೀಯಕ್ಕೆ, ಕೃಷಿಗೆ ಹೋಗಬಹುದು, ಮನಸ್ಸು ಬದಲಾದರೆ ಬಿಕಾಂ, ಐದು ವರ್ಷದ ಕಾನೂನು, ಸಿಎ ಫೌಂಡೇಶನ್ ಏನು ಬೇಕಾದರೂ. ವಾಣಿಜ್ಯ ಓದಿದವರು ಬಿಇಗೆ ಬರೋ ಹಾಗಿಲ್ಲ. ಬರೀ ಬಾಗಿಲು ಎಣಿಸಿದರೆ "ಯಾವುದಕ್ಕೂ ಇರಲಿ, ಸೈನ್ಸೇ ಕೊಡ್ಸಿಬಿಡಿ" ಅಂತಲೇ ಆಗುತ್ತೆ, ಊರಲ್ಲಿ ಎಲ್ಲರೂ ಹೇಳೋದೂ ಅದನ್ನೇ. ಅದಕ್ಕೇ ಐದನೇ ಸಾಲು ಹುಟ್ಟಿದ್ದು. ಭೌತಶಾಸ್ತ್ರ, ಗಣಿತ ಹಿಡಿಯದೆ ಎರಡು ವರ್ಷ ಹೆಣಗಿ ಕಡಿಮೆ ಅಂಕದಲ್ಲಿ ಪಾಸಾದ ಹುಡುಗಿ ಕೊನೆಗೆ ಬಿಕಾಂ ಸೇರಿದರೆ, ಅವಳ ಪಕ್ಕದಲ್ಲಿ ಕೂತವರು ಎರಡು ವರ್ಷ ಅಕೌಂಟೆನ್ಸಿ ಓದಿ ಬಂದಿರುತ್ತಾರೆ. ಅವಳು ಡೆಬಿಟ್ ಕ್ರೆಡಿಟ್‌ನಿಂದ ಶುರು ಮಾಡಬೇಕು. ಬಾಗಿಲು ತೆರೆದೇ ಇತ್ತು, ಒಳಗೆ ಕಾಲಿಟ್ಟಾಗ ಪಾಠ ಮುಂದೆ ಹೋಗಿತ್ತು. ಐಟಿಐ ಮುಗಿಸಿದ ಹುಡುಗನ ಕೈಯಲ್ಲಿ ಹದಿನೆಂಟಕ್ಕೆ ಒಂದು ಟ್ರೇಡ್ ಇರುತ್ತೆ. ಆದರೆ ಆ ಟ್ರೇಡ್ ಅವನಿಗೆ ಹಿಡಿಸದಿದ್ದರೆ, ಹೆಚ್ಚುಕಮ್ಮಿ ಎಲ್ಲ ಹೊಸದಾಗಿ.

ಇನ್ನು ಕ್ರಮ. ಯಾವುದನ್ನ ಮುಂದೆ ಇಟ್ಟರೂ ಅದೇ ದೊಡ್ಡದು ಅನ್ನಿಸುತ್ತೆ, ಮೂರ್ನಾಲ್ಕು ಸ್ಲೈಡ್ ಆದಮೇಲೆ ಬೆರಳು ನಿಲ್ಲುತ್ತೆ. ಅಕಾರಾದಿಯಲ್ಲಿ ಹಾಕಿದೆ: ಐಟಿಐ, ಡಿಪ್ಲೊಮಾ, ಪಿಯು ಕಲೆ, ಪಿಯು ವಾಣಿಜ್ಯ, ಪಿಯು ವಿಜ್ಞಾನ. ನಮ್ಮ ವರ್ಣಮಾಲೆಯ ತಮಾಷೆ ನೋಡಿ, ಊರಿನ ಮರ್ಯಾದೆಯ ಪಟ್ಟಿ ಬುಡಮೇಲಾಗಿ ನಿಂತಿತು. ಸಂಜೆಗೆ ಒಬ್ಬ ಪೋಷಕರು, "ಏನ್ ಸರ್, ಈ ಸಲ ಐಟಿಐನೋರು ಏನಾದ್ರೂ ಕೊಟ್ರಾ?" ಅಂದರು. ಆಮೇಲೆ ಎರಡನೇ ಸ್ಲೈಡಿನಲ್ಲೇ "ಇದು ಅಕ್ಷರದ ಕ್ರಮ" ಅಂತ ಹಾಕಿದೆ. ವಾಟ್ಸಾಪ್ ಗುಂಪಿಗೆ ಅದೇ ಐದನ್ನ ತಿರುಗಾ ಮುರುಗಾ ಮಾಡಿ ಕಳಿಸಿದೆ.

ಒಂದು ಸಣ್ಣ ವಿಷಯ. ಸ್ಲೈಡಿನ ಅಳತೆ 1080 × 1350. ಅದರಲ್ಲಿ ಇಂಗ್ಲಿಷ್ ಹಿಡಿಸಿದಷ್ಟು ಕನ್ನಡ ಹಿಡಿಸಲ್ಲ. ಸಾಲುಗಳನ್ನ ಒತ್ತಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತದ ಮೇಲೆ ಕೂರುತ್ತೆ. ಉದ್ದ ಜಾಸ್ತಿ ಇದ್ದ ವಿಜ್ಞಾನದ ಸ್ಲೈಡಿಗೆ ಅಕ್ಷರ ಸಣ್ಣ ಮಾಡಬೇಕು ಅನ್ನಿಸಿತು. ಮಾಡಲಿಲ್ಲ, ಮಾತನ್ನೇ ಕತ್ತರಿಸಿದೆ. ಐದರಲ್ಲೂ ಅಕ್ಷರ ಒಂದೇ ದಪ್ಪ ಇರಬೇಕು.

ಹಾಕೋ ಮೊದಲು ಒಂದು ಪರೀಕ್ಷೆ ಮಾಡಿದೆ. ಒಂಬತ್ತನೇ ತರಗತಿಯ ಆರು ಮಕ್ಕಳಿಗೆ ತೋರಿಸಿ, "ಇದನ್ನ ಬರೆದವರಿಗೆ ಯಾವುದು ಇಷ್ಟ?" ಅಂತ ಕೇಳಿದೆ. ನನ್ನ ಹೆಸರು ಹೇಳಲಿಲ್ಲ. ಮೊದಲ ಕರಡು ನೋಡಿ ನಾಲ್ವರು ಡಿಪ್ಲೊಮಾ ಅಂದರು. ವಿಜ್ಞಾನಕ್ಕೆ ವಾಲಬಾರದು ಅಂತ ಎಳೆದು ಎಳೆದು ಆ ಕಡೆ ಬಿದ್ದಿದ್ದೆ! ಹುಡುಕಿದರೆ ಸಿಕ್ಕಿದ್ದು ಒಂದೇ ಪದ, "ನೇರ". "ನೇರ ಎರಡನೇ ವರ್ಷಕ್ಕೆ" ಅಂತ ಬರೆದು, ಡಿಸಿಇಟಿ ಬರೆಯಬೇಕು ಅನ್ನೋದನ್ನ ಕೆಳಗಿನ ಸಾಲಿಗೆ ತಳ್ಳಿದ್ದೆ. ಎರಡನ್ನೂ ಒಂದೇ ಸಾಲಿಗೆ ತಂದು ಮತ್ತೆ ಕೇಳಿದಾಗ ಉತ್ತರಗಳು ಚೆದುರಿದವು.

ಹೋದ ವರ್ಷ ಒಬ್ಬ ಅಪ್ಪ ಮಗಳನ್ನ ಕರೆದುಕೊಂಡು ಮನೆಗೇ ಬಂದರು. ಫೋನಿನಲ್ಲಿ ಡಿಪ್ಲೊಮಾ, ವಾಣಿಜ್ಯ ಎರಡರ ಸ್ಕ್ರೀನ್‌ಶಾಟ್ ಇತ್ತು. "ದಿನ ಹೇಗಿರುತ್ತೆ" ಅನ್ನೋ ಸಾಲಿನ ಮೇಲೆ ಬೆರಳಿಟ್ಟು, "ವರ್ಕ್‌ಶಾಪ್ ಸಂಜೆತನಕ ಅಂತೀರಲ್ಲ ಸರ್, ಎಷ್ಟು ಗಂಟೆಗೆ ಬಿಡ್ತಾರೆ? ನಮ್ಮೂರಿಗೆ ಕೊನೇ ಬಸ್ಸು ಐದೂವರೆಗೆ" ಅಂದರು. ನಾನು ಅದನ್ನ ಯೋಚಿಸಿರಲೇ ಇಲ್ಲ. ಈ ವರ್ಷ ಐದೂ ಸ್ಲೈಡಿನಲ್ಲಿ ಆರನೇ ಸಾಲು ಸೇರಿಸಿದ್ದೀನಿ: "ಕಾಲೇಜು ಬಿಡೋದು ____, ಕೊನೆಯ ಬಸ್ಸು ____." ತುಂಬಿಸೋ ಕೆಲಸ ಅವರದ್ದು.