ಅಕ್ಷರದ ಸುತ್ತ ಬಣ್ಣದ ನೆರಳು: ಬೆಲ್ಟ್ ಬದಲಿಸದೆ ರಿಜಿಸ್ಟ್ರೇಶನ್ ಕೂರಿಸಿದ ನನ್ನ ಅನುಭವ

ಕಲಬುರಗಿಯ ಧಾನ್ಯದ ಗಂಜ್ ಹತ್ತಿರ ನನ್ನ ಅಂಗಡಿ. ಮದುವೆ ಕಾರ್ಡು, ತೊಗರಿಬೇಳೆ ಪ್ಯಾಕೆಟ್ಟಿನ ಲೇಬಲ್ಲು, ಜಾತ್ರೆ ಕರಪತ್ರ, ಇವೇ ಕೆಲಸ. ಬಣ್ಣಕ್ಕೊಂದರಂತೆ ನಾಲ್ಕು ಡ್ರಮ್ಮಿನ ಕಲರ್ ಲೇಸರ್ ಪ್ರಿಂಟ್ ಮಷಿನ್ನನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಒಂದು ಎಪ್ಪತ್ತೈದು ಕೊಟ್ಟ ನೆನಪು. ಒಂದೂವರೆ ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಏಪ್ರಿಲ್‌ನಲ್ಲಿ, ಸರಿಯಾಗಿ ಲಗ್ನದ ಸೀಸನ್ನಿನಲ್ಲಿ, ಕೈ ಕೊಟ್ಟಿತು.

ಮುನ್ನೂರೈವತ್ತು ಕಾರ್ಡಿನ ಆರ್ಡರ್. ಮರೂನ್ ಬಣ್ಣದಲ್ಲಿ ಸಣ್ಣ ಅಕ್ಷರ. ಕಾರ್ಡು ತಗೊಳ್ಳಲು ಬಂದ ಹಿರಿಯರು ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡಿದರು. "ಏನ್ರಿ ಇದು, ಅಕ್ಷರಕ್ಕ ನೆರಳ ಬಿದ್ದಂಗ ಅದ?"

"ಬೆಳಕಿಗೆ ಹಂಗ ಕಾಣ್ತದ ಕಾಕಾ" ಅಂದೆ. ಆದರೆ ಅವರು ಹೇಳಿದ್ದೇ ನಿಜ. ಒಂದು ಬದಿಗೆ ಗುಲಾಬಿ ಅಂಚು, ಇನ್ನೊಂದು ಬದಿಗೆ ಹಳದಿ. ಒತ್ತಕ್ಷರ ಇದ್ದಲ್ಲಿ ಎರಡೂ ಸೇರಿ ಕಲಸಿ ಹೋಗಿತ್ತು. ಮುನ್ನೂರೈವತ್ತನ್ನೂ ವಾಪಸ್ ತಗೊಂಡೆ. ಕಾರ್ಡಿನ ಬೋರ್ಡು, ಟೋನರ್ ಸೇರಿ ಐದು ಸಾವಿರದಷ್ಟು ಹೋಯಿತು.

ಮೆನುವಿನಲ್ಲಿ Calibration ಒತ್ತಿದೆ. ಏನೂ ಆಗಲಿಲ್ಲ. ಹತ್ತು ಸಲ ಒತ್ತಿದೆ, ಆಗಲೂ ಇಲ್ಲ. ಹೈದರಾಬಾದಿನಿಂದ ಇಂಜಿನಿಯರ್ ಬಂದರು, ವಿಸಿಟಿಂಗ್ ಚಾರ್ಜು ಮೂರೂವರೆ ಸಾವಿರ. ಸಯಾನ್ ಡ್ರಮ್ ಹೋಗಿದೆ ಅಂದರು. ಹನ್ನೊಂದು ಸಾವಿರ ಕೊಟ್ಟು ಹಾಕಿಸಿದೆ. ನೆರಳು ಹಾಗೇ ಇತ್ತು. ಮುಂದಿನ ಸಲ, ನಾಲ್ಕೂ ಬಣ್ಣ ಬಂದು ಕೂಡುವ ಬೆಲ್ಟ್ ಯೂನಿಟ್ ಅಂದರು, ಮೂವತ್ತೆಂಟು ಸಾವಿರ. ಅಲ್ಲಿಗೆ ನಾನು ನಿಂತೆ. ಪಕ್ಕದ ಅಂಗಡಿಯವರು "ಮಷಿನ್ ಮುಗೀತು, ಮಾರಿಬಿಡ್ರಿ. ಆ ಮೆನುವಿನ ರಿಜಿಸ್ಟ್ರೇಶನ್ ಸುಮ್ನೆ ತೋರಿಕೆಗೆ ಇಟ್ಟಿರ್ತಾರ" ಅಂದರು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಕೊನೆಗೆ ಬಣ್ಣಗಳನ್ನು ಒಂದರ ಮೇಲೊಂದು ಕೂರಿಸುವ ಅದೇ ರಿಜಿಸ್ಟ್ರೇಶನ್‌ನಿಂದಲೇ ಕೆಲಸ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾಡಿದ ಮೊದಲ ತಪ್ಪು ಹೇಳುತ್ತೇನೆ. ನನ್ನ ಮಷಿನ್ನಿನಲ್ಲಿ Calibration ಬೇರೆ, Color Registration ಬೇರೆ. ಮೊದಲನೆಯದು ಬಣ್ಣದ ದಟ್ಟತನ ಸರಿಮಾಡುತ್ತದೆ. ನಾಲ್ಕು ಬಣ್ಣವನ್ನು ಒಂದರ ಮೇಲೊಂದು ಕೂರಿಸುವುದು ಎರಡನೆಯದರ ಕೆಲಸ. ಕೆಲವು ಮಷಿನ್‌ಗಳಲ್ಲಿ ಎರಡೂ ಒಂದೇ ಬಟನ್ನಿಗೆ ನಡೆಯುತ್ತವೆ, ನನ್ನದರಲ್ಲಿ ಇಲ್ಲ. ಹತ್ತು ಸಲ ಒತ್ತಿದ್ದೆಲ್ಲ ನನಗೆ ಬೇಡದ ಬಟನ್ನು.

ಎರಡನೆಯದು, ಎಲ್ಲ ನೆರಳೂ ಮಷಿನ್ನಿನ ತಪ್ಪಲ್ಲ. ಡಿಸೈನ್ ಮಾಡುವ ಕೋರೆಲ್‌ನಲ್ಲಿ ಕಪ್ಪು ಅಕ್ಷರದ ಬಣ್ಣ R0 G0 B0 ಇದ್ದರೆ ಮಷಿನ್ ಅದನ್ನು ನಾಲ್ಕೂ ಟೋನರ್ ಸೇರಿಸಿ ಕಪ್ಪು ಮಾಡುವುದುಂಟು. ನಾಲ್ಕರಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಂಚು ಕಾಣುತ್ತದೆ. ಅದೇ ಅಕ್ಷರವನ್ನು C0 M0 Y0 K100 ಮಾಡಿ, ಪ್ರಿಂಟ್ ಸೆಟ್ಟಿಂಗ್‌ನಲ್ಲೂ ಕಪ್ಪನ್ನು ಕಪ್ಪು ಟೋನರ್‌ನಿಂದಲೇ ಹೊಡೆಯಲು ಬಿಟ್ಟರೆ ನೆರಳಿಗೆ ಜಾಗವೇ ಇಲ್ಲ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಜೆಪೆಗ್‌ನಲ್ಲಿ ಅಕ್ಷರ ಚಿತ್ರವಾಗಿ ಹೋಗಿರುತ್ತದೆ, ಅಲ್ಲಿ ಈ ದಾರಿ ಇಲ್ಲ. ಮತ್ತೆ ಟೈಪ್ ಮಾಡುವುದೇ ಒಳ್ಳೆಯದು. ನನ್ನ ಕಾರ್ಡಿನಲ್ಲಿ ಅಕ್ಷರ ಮರೂನ್, ಅಂದರೆ ಮೂರು ಟೋನರ್ ಬೇಕೇ ಬೇಕು. ಹಾಗಾಗಿ ಮಷಿನ್ನನ್ನೇ ಸರಿಮಾಡಬೇಕಿತ್ತು.

ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಕೂಡು ಗುರುತು ಇಟ್ಟು ಒಂದು ಎ3 ಹಾಳೆ ಮಾಡಿಕೊಂಡೆ. ಒಂದೊಂದು ಗುರುತಿನಲ್ಲೂ ನಾಲ್ಕು ಬಣ್ಣದ ಕೂದಲಗೆರೆ ಒಂದರ ಮೇಲೊಂದು. ಸ್ಕೇಲ್ ಇರುವ ಭೂತಗನ್ನಡಿ, ಅಂದರೆ ಲೂಪ್, ನಾನೂರೈವತ್ತಕ್ಕೆ ತಂದೆ. ಎಡಗಡೆಯ ಗುರುತುಗಳಲ್ಲಿ ಸಯಾನ್ ಗೆರೆ ಕಪ್ಪಿನ ಮೇಲೆ ಹೆಚ್ಚುಕಡಿಮೆ ಸರಿಯಾಗಿ ಕೂತಿತ್ತು. ಬಲಗಡೆ ಲೂಪಿನ ಸ್ಕೇಲಿನಲ್ಲಿ ಸುಮಾರು ಮೂರು ಪಾಯಿಂಟ್, ಅಂದರೆ 0.3 ಮಿಲಿಮೀಟರ್ ಕೆಳಗೆ ಇಳಿದಿತ್ತು. ನಡುವಿನದು ಎರಡರ ಮಧ್ಯೆ. ಮಜೆಂಟಾ ಮಾತ್ರ ಹಾಳೆ ತುಂಬ ಒಂದೇ ಅಳತೆ ಸರಿದಿತ್ತು.

ಈ ಹಾಳೆ ನೋಡಿದಾಗ ನನಗೆ ದಾರಿ ಸಿಕ್ಕಿತು. ಹಾಳೆ ತುಂಬ ಒಂದೇ ಅಳತೆ ಸರಿದಿದ್ದರೆ ರಿಜಿಸ್ಟ್ರೇಶನ್ ಅದನ್ನು ಸಲೀಸಾಗಿ ಹಿಡಿಯುತ್ತದೆ. ಒಂದು ಬದಿ ಸರಿಯಿದ್ದು ಇನ್ನೊಂದು ಬದಿ ಇಳಿದಿದ್ದರೆ ಅದು ಓರೆ. ಓರೆ ಸ್ವಲ್ಪ ಇದ್ದರೆ ಮಷಿನ್ ತಾನೇ ನೇರ ಮಾಡಿಕೊಳ್ಳುತ್ತದೆ, ಜಾಸ್ತಿ ಆದರೆ ಕೈಬಿಡುತ್ತದೆ. ಹಾಗಾದರೆ ಈ ಓರೆ ಬಂದಿದ್ದು ಎಲ್ಲಿಂದ?

ಉತ್ತರ ಕಾಲ ಕೆಳಗೇ ಇತ್ತು. ನಮ್ಮ ಅಂಗಡಿಯ ನೆಲ ಶಹಾಬಾದ್ ಕಲ್ಲು. ಹಳೇ ಕಟ್ಟಡ, ಒಂದು ಕಲ್ಲು ಎದ್ದಿದೆ, ಇನ್ನೊಂದು ಕೂತಿದೆ. ದೀಪಾವಳಿಗೆ ಸುಣ್ಣ ಹಚ್ಚುವಾಗ ಮಷಿನ್ ಸರಿಸಿದ್ದೆವು. ಸ್ಟ್ಯಾಂಡಿನ ಒಂದು ಕಾಲು ಅಲುಗಾಡುತ್ತಿದ್ದರೆ ಹುಡುಗ ರಟ್ಟು ಮಡಚಿ ಇಟ್ಟಿದ್ದ. ಆರು ತಿಂಗಳಲ್ಲಿ ರಟ್ಟು ಚಪ್ಪಟೆ ಆಗಿತ್ತು. ಮಷಿನ್ನಿನ ಇಡೀ ಭಾರ ಮೂರು ಕಾಲಿನ ಮೇಲೆ. ಚೌಕಟ್ಟು ತಿರುಚಿಕೊಂಡರೆ ಒಳಗಿನ ಲೇಸರ್ ಯೂನಿಟ್ಟಿಗೂ ಡ್ರಮ್ಮಿಗೂ ಇರುವ ನೇರ ತಪ್ಪುತ್ತದೆ. ಪರಿಚಯದ ಗೌಂಡಿಯಿಂದ ರಸಮಟ್ಟ ತಂದು ಮಷಿನ್ನಿನ ತಲೆ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿದೆ. ಗುಳ್ಳೆ ಗೆರೆ ದಾಟಿ ಆಚೆ ನಿಂತಿತ್ತು. ಗಂಜ್‌ನಿಂದ ಅರವತ್ತು ರೂಪಾಯಿ ತಗಡು ತಂದು, ತುಂಡು ಮಾಡಿ ಕಾಲಿನ ಕೆಳಗೆ ಒಂದೊಂದಾಗಿ ಸೇರಿಸಿದೆ. ರಟ್ಟು, ರಬ್ಬರ್ ಬೇಡ, ಎರಡೂ ಕೂತುಬಿಡುತ್ತವೆ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಹಾಳೆ ತೆಗೆದೆ. ಬಲಗಡೆ ಮೂರು ಪಾಯಿಂಟ್ ಇದ್ದದ್ದು ಒಂದೂವರೆಗೆ ಬಂತು. ಇನ್ನೂ ಒಂದು ಬಟನ್ನನ್ನೂ ಒತ್ತಿರಲಿಲ್ಲ!

ಆಗ Color Registration ಓಡಿಸಿದೆ. ಇನ್ನೂ ಒಂದು ಪಾಯಿಂಟ್ ಉಳಿಯಿತು. ಮಷಿನ್ ಪಟ್ಟಿ ಹಾಕುವ ಸದ್ದು ಎರಡೆರಡು ಸಲ ಕೇಳಿ, ಕೊನೆಗೆ ಸುಮ್ಮನೆ ರೆಡಿ ಅಂತ ತೋರಿಸುತ್ತಿತ್ತು. ಕಾಗದ ಹೊರಗೆ ಬರದ ಕೆಲಸ ಇದು. ಬೆಲ್ಟಿನ ಮೇಲೆಯೇ ನಾಲ್ಕು ಬಣ್ಣದ ಗೆರೆಯ ಪಟ್ಟಿ ಹಾಕುತ್ತದೆ. ಬೆಲ್ಟಿನ ಎರಡು ಅಂಚಿಗೆ ಒಂದೊಂದು ಸೆನ್ಸರ್ ಕೂತು, ಯಾವ ಗೆರೆ ಯಾವ ಹೊತ್ತಿಗೆ ದಾಟಿತು ಅಂತ ಓದುತ್ತದೆ. ಅದರ ಲೆಕ್ಕದ ಮೇಲೆ ಲೇಸರ್ ಬರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುತ್ತದೆ. ಸೆನ್ಸರಿನ ಕಣ್ಣು ಮಂಜಾದರೆ ಓದು ತಪ್ಪುತ್ತದೆ. ನನ್ನ ಮಷಿನ್ ಆಗ ಹಳೇ ಲೆಕ್ಕವನ್ನೇ ಇಟ್ಟುಕೊಳ್ಳುತ್ತಿತ್ತು ಅಂತ ನನ್ನ ತೀರ್ಮಾನ.

ಮಷಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬೆಲ್ಟ್ ಯೂನಿಟ್ ಹೊರಗೆ ಎಳೆದೆ. ಮುಚ್ಚಳದ ಹಿಂದೆ ಎರಡು ಸಣ್ಣ ಕಿಟಕಿ. ಎಡದ್ದು ತಕ್ಕಮಟ್ಟಿಗೆ ಇತ್ತು. ಬಲದ್ದರ ಮೇಲೆ ಟೋನರ್ ಪುಡಿ, ಅದರ ಜೊತೆ ಬೂದಿ ಬಣ್ಣದ ಧೂಳು. ತೊಗರಿ ಬರುವ ತಿಂಗಳಲ್ಲಿ ಗಂಜ್‌ನ ಗಾಳಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು, ಅಲ್ವಾ? ನೂಲು ಬಿಡದ ಒಣ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಂದೇ ದಿಕ್ಕಿಗೆ ಎರಡು ಸಲ ಒರೆಸಿದೆ, ಅಷ್ಟೇ. ಥಿನ್ನರ್, ಸ್ಪಿರಿಟ್ ಮುಟ್ಟಿಸಬೇಡಿ. ಬಾಯಿಂದಲೋ ಬ್ಲೋಯರ್‌ನಿಂದಲೋ ಊದಲೂಬೇಡಿ, ಪುಡಿ ಒಳಗೆಲ್ಲ ಹರಡುತ್ತದೆ. ಬೆಲ್ಟಿಗಂತೂ ಬೆರಳು ತಾಗಿಸಬಾರದು. ಅದರ ಹೊಳಪಿನ ಮೇಲೆ ಬೆಳಕು ಬಿಟ್ಟೇ ಸೆನ್ಸರ್ ಓದುವುದು. ಗೀರು ಬಿದ್ದರೆ ಅದನ್ನೂ ಗೆರೆ ಅಂದುಕೊಳ್ಳಬಹುದು.

ಮತ್ತೆ ಓಡಿಸಿದೆ. ಈ ಸಲ ಪಟ್ಟಿಯ ಸದ್ದು ಒಂದೇ ಸಲ ಬಂತು. ಐದು ಗುರುತಿನಲ್ಲೂ ಅರ್ಧ ಪಾಯಿಂಟಿಗಿಂತ ಕಡಿಮೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ.

ಅದು ಬೆಳಿಗ್ಗೆ ಒಂಬತ್ತರ ಮಾತು. ಮಧ್ಯಾಹ್ನ ಇನ್ನೂರು ಹಾಳೆ ಆದ ಮೇಲೆ ನೋಡಿದರೆ ಮಜೆಂಟಾ ಮತ್ತೆ ಒಂದು ಪಾಯಿಂಟ್ ಆಚೆ. ಮನಸ್ಸಿಗೆ ಬಹಳ ಬೇಜಾರಾಯಿತು. ಎರಡು ವಾರ ನೋಟ್‌ಬುಕ್ ಇಟ್ಟು ಹೊತ್ತು, ಹಾಳೆ, ಪಾಯಿಂಟ್ ಬರೆದೆ. ಕಾರಣ ಬಿಸಿ. ಹೊರಗೆ 42 ಡಿಗ್ರಿ, ಒಳಗೆ ಟೋನರನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಫ್ಯೂಸರ್. ಕಾದಾಗ ಲೇಸರ್ ಯೂನಿಟ್ಟಿನ ಭಾಗಗಳು ಹಿಗ್ಗುತ್ತವೆ. ತಣ್ಣಗಿನ ಮಷಿನ್ನಿಗೆ ಹಾಕಿದ ಲೆಕ್ಕ ಕಾದ ಮಷಿನ್ನಿಗೆ ಹೊಂದುವುದಿಲ್ಲ. ಈಗ ಬೆಳಿಗ್ಗೆ ಮೊದಲು ಮೂವತ್ತು ನಲವತ್ತು ಸಾದಾ ಕೆಲಸದ ಹಾಳೆ ಹೊಡೆದು, ಮೊದಲು Calibration, ಆಮೇಲೆ Color Registration. ದೊಡ್ಡ ಆರ್ಡರ್ ಇದ್ದರೆ ಮಧ್ಯಾಹ್ನ ಇನ್ನೊಮ್ಮೆ. ಕರೆಂಟ್ ಹೋಗಿ ಅರ್ಧ ಗಂಟೆ ನಿಂತರೆ ಮತ್ತೆ ಬಿಸಿಯಿಂದ ಶುರು. ಯಾವ ಹಾಳೆ ಹೊಡೆದರೆ ಬೇಗ ಕಾಯುತ್ತದೆ ಅನ್ನೋದು ನನ್ನ ಅಂಗಡಿಯ ಗುಟ್ಟು, ಇಲ್ಲಿ ಬರೆಯಲ್ಲ. ಸಣ್ಣ ಅಕ್ಷರಕ್ಕೆ ನಾನು ಹಾಕುವ ಮರೂನ್‌ನ ಅಳತೆಯೂ ಹಾಗೇ. ಟೋನರ್ ಕಡಿಮೆ ಸೇರಿದಷ್ಟೂ ಅಂಚು ಚೊಕ್ಕ, ಇಷ್ಟು ಹೇಳಬಲ್ಲೆ.

ನಡುವೆ ಕೂಲರಿನ ಮೇಲೂ ಅನುಮಾನ ಬಂದಿತ್ತು. ಮಷಿನ್ನಿಗೆ ಎದುರಾಗಿ ಇತ್ತು, ಒದ್ದೆ ಗಾಳಿ. ನಾಲ್ಕು ದಿನ ಆಚೆ ತಿರುಗಿಸಿ ಇಟ್ಟೆ. ನೆರಳಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಆದರೆ ತುಂಬು ಬಣ್ಣದ ಜಾಗದಲ್ಲಿ ಬರುತ್ತಿದ್ದ ಮಚ್ಚೆ ಮಚ್ಚೆ ಕಡಿಮೆಯಾಯಿತು, ಬೋರ್ಡಿಗೆ ತೇವ ಹತ್ತುವುದು ನಿಂತಿತಲ್ಲ. ಈಗಲೂ ಕೂಲರ್ ಆ ಕಡೆಗೇ ಇದೆ.

ಎಲ್ಲಕ್ಕೂ ಇದು ಮದ್ದಲ್ಲ. ಬೀದರಿನ ಗೆಳೆಯರೊಬ್ಬರು ನನ್ನ ಮಾತು ಕೇಳಿ ರಿಜಿಸ್ಟ್ರೇಶನ್ ಓಡಿಸಿ ಓಡಿಸಿ ಸಾಕಾಗಿದ್ದರು. ಹಾಳೆ ತರಿಸಿ ನೋಡಿದೆ. ಅವರದು ಅಲೆ. ಒಂದು ಕಡೆ ನೆರಳು, ಕೆಳಗೆ ಬಂದಂತೆ ಸರಿ, ಮತ್ತೆ ನೆರಳು. ನೆರಳಿನಿಂದ ನೆರಳಿಗೆ ಸ್ಕೇಲ್ ಇಟ್ಟರೆ 94 ಮಿಲಿಮೀಟರ್. ಅವರ ಡ್ರಮ್ಮಿನ ಅಡ್ಡಳತೆ 30 ಮಿಲಿಮೀಟರ್, ಒಂದು ಸುತ್ತಿಗೆ ಸರಿಯಾಗಿ ಅಷ್ಟೇ ಆಗುತ್ತದೆ. ಸುತ್ತು ಸುತ್ತಿಗೆ ಬರುವ ನೆರಳನ್ನು ಮೆನುವಿನಿಂದ ತೆಗೆಯಲು ಬರುವುದಿಲ್ಲ, ಡ್ರಮ್ಮೋ ಅದರ ಗೇರೋ ನೋಡಬೇಕು. ಅವರಿಗೆ ಡ್ರಮ್ ಹಾಕಿದ ಮೇಲೆ ಸರಿಹೋಯಿತು. 300 ಜಿಎಸ್‌ಎಂ ಬೋರ್ಡಿನಲ್ಲಿ ಒಂದೇ ಜಾಗದಲ್ಲಿ ಅಡ್ಡಕ್ಕೆ ಜರ್ಕ್ ಹೊಡೆದಂತೆ ಕಂಡರೂ ಅಷ್ಟೇ. ದಪ್ಪ ಹಾಳೆ ಬೆಲ್ಟಿಗೆ ತಾಗಿದ ಪೆಟ್ಟು ಅದು. ಪೇಪರ್ ಟೈಪ್ ಸರಿಯಾಗಿ ಕೊಟ್ಟಾಗ ನನಗೆ ಅರ್ಧ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ.

ಆ ಮುನ್ನೂರೈವತ್ತು ಕಾರ್ಡನ್ನು ಹೊಸದಾಗಿ ಹೊಡೆದು ಮನೆಗೇ ಕೊಂಡೊಯ್ದು ಕೊಟ್ಟೆ. ಕಾಕಾ ಅಂಗಳಕ್ಕೆ ಬಂದು ಮತ್ತೆ ಬಿಸಿಲಿಗೆ ಹಿಡಿದರು. ನಾನು ಜೇಬಿನಿಂದ ಲೂಪ್ ತೆಗೆದು ಕೊಟ್ಟೆ. ಮದುಮಗಳ ಹೆಸರಿನ ಮೇಲೆ ಇಟ್ಟು ನೋಡಿದರು, ಮನೆಯವರನ್ನೆಲ್ಲ ಕರೆದು ತೋರಿಸಿದರು. ಬೆಲ್ಟ್ ಹಳೆಯದೇ, ಎರಡನೇ ಸೀಸನ್ ನಡೆಯುತ್ತಿದೆ.